ಹತ್ತು ಸೆಕೆಂಡಿನ ಡಬ್ಬಿ, ಅರ್ಧ ತಾಸಿನ ಗುಂಡಿ

ನಮ್ಮ ಅಡುಗೆಮನೆಯ ಮೋರಿ ಕಟ್ಟಿಕೊಳ್ಳುವ ಮೊದಲು ಒಂದು ಸದ್ದು ಮಾಡುತ್ತಿತ್ತು. ಪಾತ್ರೆ ತೊಳೆಯುವ ಸಿಂಕಿನ ನೀರು ಬಿಟ್ಟಾಗ, ಎರಡು ಮಾರು ದೂರದಲ್ಲಿ ನೆಲದ ನೀರು ಇಳಿಯುವ ನಹಣಿ ಟ್ರ್ಯಾಪಿನಿಂದ ಗುಳು ಗುಳು ಅಂತ ಗುಳ್ಳೆ ಬರುತ್ತಿತ್ತು. ಭಾಂಡೆ ತಿಕ್ಕುವ ಮಾವಶಿ ಅದನ್ನು ಕೇಳಿ, "ಅಕ್ಕಾರ, ನಾಳೆ ಇಲ್ಲಾ ನಾಡದ ಬರ್ತೈತಿ ನೋಡ್ರಿ" ಅನ್ನುತ್ತಿದ್ದರು. ಮಳೆ ಬಗ್ಗೆ ಹೇಳಿದ ಹಾಗೆ. ಅವರ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ನಮ್ಮದು ಹುಬ್ಬಳ್ಳಿ ಗೋಕುಲ ರಸ್ತೆಯಿಂದ ಸ್ವಲ್ಪ ಒಳಗಿರುವ ಖಾನಾವಳಿ. ಅರವತ್ತು ಜನ ಕೂರುವಷ್ಟು ಜಾಗ. ಬೆಳಿಗ್ಗೆ ಇಡ್ಲಿ, ಪೂರಿ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ. ಸಂಜೆ ಗಿರ್ಮಿಟ್, ಮಿರ್ಚಿ ಭಜಿ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಎಣ್ಣೆಗಾಯಿಯ ಮೇಲೆ ಎಣ್ಣೆ ತೇಲದಿದ್ದರೆ ಗಿರಾಕಿ ಮುಖ ನೋಡುವ ಊರು ಇದು. ಆ ಎಣ್ಣೆಯಲ್ಲಿ ಒಂದು ಪಾಲು ಮೋರಿಗೆ ಹೋಗುತ್ತದೆ ಅನ್ನುವುದು ಗೊತ್ತಿತ್ತು. ಎಷ್ಟು ಹೋಗುತ್ತದೆ, ಹೋಗಿ ಏನಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಮೊದಲು ಎರಡು ತಿಂಗಳಿಗೊಮ್ಮೆ ಕಟ್ಟುತ್ತಿದ್ದದ್ದು, ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಪ್ಲಂಬರ್ ಬಂದು ಸ್ಪ್ರಿಂಗ್ ಕೇಬಲ್ ತೂರಿಸಿ, ತಿರುಗಿಸಿ, ಬಿಡಿಸಿ ಹೋಗುತ್ತಿದ್ದ. ಕೇಬಲ್ ಹೊರಗೆ ಬಂದಾಗ ಅದರ ತುದಿಗೆ ಬಿಳಿ ಬೆಣ್ಣೆಯಂಥದ್ದು ಮೆತ್ತಿಕೊಂಡಿರುತ್ತಿತ್ತು. ಕೈಯಲ್ಲಿ ಹಿಚುಕಿದರೆ ಬೆಣ್ಣೆಯಂತೆ ಕರಗುವುದಿಲ್ಲ, ಸಾಬೂನಿನ ಚೂರಿನಂತೆ ಪುಡಿಯಾಗುತ್ತದೆ. ಒಂದು ಭಾನುವಾರ ಮಧ್ಯಾಹ್ನ, ನಿಶ್ಚಯ ಮುಗಿಸಿ ಬಂದ ಮೂವತ್ತು ಜನ ರೊಟ್ಟಿಗೆ ಕೂತಿದ್ದಾಗ, ನಹಣಿ ಟ್ರ್ಯಾಪಿನಿಂದ ನೀರು ಉಕ್ಕಿ ಒಲೆಯ ಕಾಲಿನವರೆಗೆ ಬಂತು. ಗೋಣಿಚೀಲ ಹಾಸಿ ಅದರ ಮೇಲೆ ನಿಂತು ರೊಟ್ಟಿ ಬಡಿದೆವು. ಅವತ್ತೇ ಇದನ್ನು ಬುಡದಿಂದ ನೋಡಬೇಕು ಅನ್ನಿಸಿದ್ದು.

ಬುಡಕ್ಕೆ ಹೋಗುವ ಮೊದಲು ಮಾಡಿದ ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ.

ಒಂದು, ಕಾಸ್ಟಿಕ್ ಸೋಡಾ. ಯಾರೋ ಹೇಳಿದರು ಅಂತ ಎರಡು ಕಿಲೋ ತಂದು, ಬಿಸಿನೀರಿನ ಜೊತೆ ಸುರಿದೆವು. ಪೈಪು ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಯಿತು. ನೀರು ಸರಾಗ ಹೋಯಿತು, ನಮಗೆ ಖುಷಿ. ಮೂರು ದಿನದ ನಂತರ ಹಿಂದಿನ ಮನೆಯವರು ತಮ್ಮ ಚೇಂಬರ್ ಕಟ್ಟಿದೆ ಅಂತ ಜಗಳಕ್ಕೆ ಬಂದರು. ಎರಡೂ ನೆಲದಡಿಯ ಒಳಚರಂಡಿಯ ಒಂದೇ ಯುಜಿಡಿ ಲೈನಿಗೆ ಸೇರುತ್ತವೆ. ಬಿಸಿಗೆ ಕರಗಿದ ಜಿಡ್ಡು ತಣ್ಣಗಿನ ಜಾಗದವರೆಗೆ ಹರಿದು ಹೋಗಿ, ಅಲ್ಲಿ ಮತ್ತೆ ಹೆಪ್ಪುಗಟ್ಟಿತ್ತು. ಸಾಲದ್ದಕ್ಕೆ ಎಣ್ಣೆಗೆ ಕಾಸ್ಟಿಕ್ ಸೇರಿದರೆ ಆಗುವುದೇ ಸಾಬೂನು. ನಮ್ಮದು ಬೋರಿನ ನೀರು, ಗಡಸು. ಅದರಲ್ಲಿನ ಸುಣ್ಣದ ಅಂಶ ಆ ಸಾಬೂನಿನ ಜೊತೆ ಸೇರಿದರೆ ನೀರಿಗೆ ಕರಗದ ಗಟ್ಟಿ ಪದರವಾಗುತ್ತದೆ. ನಾವೇ ದುಡ್ಡು ಕೊಟ್ಟು ಪೈಪಿಗೆ ಗಾರೆ ಮಾಡಿಸಿಕೊಂಡಂತೆ ಆಯಿತು.

ಎರಡನೆಯದು ಜಿಡ್ಡು ಹಿಡಿಯುವ ಡಬ್ಬಿ. ಅಡುಗೆಮನೆ ಸಾಮಾನು ಮಾರುವ ಒಂದು ಅಂಗಡಿಯಲ್ಲಿ "ಗ್ರೀಸ್ ಟ್ರ್ಯಾಪ್ ಹಾಕಿಸ್ರಿ" ಅಂದರು. ಎಷ್ಟು ದೊಡ್ಡದು ಬೇಕು ಅಂತ ಕೇಳಿದೆ. "ಎಷ್ಟ್ ಸೀಟ್ ಅದಾವ್ರಿ? ಅರವತ್ತಾ? ಇದು ಭರಪೂರ ಆತು" ಅಂತ ಸಿಂಕಿನ ಕೆಳಗೆ ಕೂರುವ ಸ್ಟೀಲ್ ಡಬ್ಬಿ ಕೊಟ್ಟರು. ಮೂವತ್ತು ಲೀಟರ್ ನೀರು ಹಿಡಿಯುತ್ತದೆ. ಒಳಗೆ ಒಂದು ಜಾಳಿಗೆ, ಎರಡು ಅಡ್ಡಗೋಡೆ. ಹಾಕಿಸಿದ ಮೇಲೆ ಇಪ್ಪತ್ತು ದಿನ ಮೋರಿ ಕಟ್ಟಲಿಲ್ಲ. ಇಪ್ಪತ್ತೊಂದನೇ ದಿನ ಗುಳು ಗುಳು.

ಡಬ್ಬಿ ಕೆಟ್ಟದ್ದಲ್ಲ. ಅದನ್ನು ಕೊಟ್ಟ ಲೆಕ್ಕ ಕೆಟ್ಟದ್ದು. ಇದನ್ನು ತಿಳಿಸಿಕೊಟ್ಟವರು ದಿನಾ ಮಧ್ಯಾಹ್ನ ಊಟಕ್ಕೆ ಬರುವ ಒಬ್ಬ ಕಾಕಾ. ನೀರು ಸರಬರಾಜು, ಒಳಚರಂಡಿ ಕೆಲಸದಲ್ಲೇ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಊಟ ಮುಗಿಸಿ, ಕೈ ತೊಳೆದು, ಸೀದಾ ಒಳಗೆ ಬಂದು ಡಬ್ಬಿ ನೋಡಿದರು. "ಇದು ಎಷ್ಟ್ ನೀರು ಹಿಡಿತೈತಿ ಅಂತ ಕೇಳಬ್ಯಾಡವಾ, ಎಷ್ಟ್ ಹೊತ್ತು ಹಿಡಿತೈತಿ ಅಂತ ಕೇಳು" ಅಂದರು. ನನಗೆ ಅರ್ಥ ಆಗಲಿಲ್ಲ. ಆಗ ಅವರು ಎರಡು ಗಾಜಿನ ಉಪ್ಪಿನಕಾಯಿ ಬಾಟಲಿ ತರಿಸಿದರು.

ಒಂದರಲ್ಲಿ ಎಣ್ಣೆಗಾಯಿ ಪಾತ್ರೆಯನ್ನು ಬರೀ ನೀರಿನಲ್ಲಿ ಅಲುಬಿದ ನೀರು. ಇನ್ನೊಂದರಲ್ಲಿ ಅದೇ ಪಾತ್ರೆಯನ್ನು ಪೌಡರ್ ಹಾಕಿ ತಿಕ್ಕಿದ ನೀರು. ಎರಡನ್ನೂ ಕಿಟಕಿಯಲ್ಲಿ ಇಟ್ಟು ಗಡಿಯಾರ ನೋಡಿ ಅಂದರು. ಬರೀ ನೀರಿನ ಬಾಟಲಿಯಲ್ಲಿ ಅರ್ಧ ನಿಮಿಷಕ್ಕೆ ದೊಡ್ಡ ಹನಿಗಳು ಮೇಲೆ ಬಂದವು. ಆದರೆ ನೀರು ಇನ್ನೂ ಕೆಂಪಗೆ ಮಬ್ಬಾಗಿತ್ತು. ಹತ್ತು ನಿಮಿಷಕ್ಕೆ ಮೇಲೆ ಕೆಂಪು ಗೆರೆ ದಪ್ಪವಾಯಿತು. ಇಪ್ಪತ್ತು ನಿಮಿಷ ದಾಟಿದ ಮೇಲೆ ಕೆಳಗಿನ ನೀರು ಸುಮಾರು ತಿಳಿಯಾಯಿತು, ತಳದಲ್ಲಿ ಬದನೆಬೀಜ, ಶೇಂಗಾ ಪುಡಿ ಕೂತಿತ್ತು. ಪೌಡರಿನ ಬಾಟಲಿ ಒಂದು ತಾಸಾದರೂ ಹಾಲಿನ ಹಾಗೇ ಇತ್ತು.

ಗ್ರೀಸ್ ಟ್ರ್ಯಾಪ್ ಅಂದರೆ ಈ ಮೊದಲನೇ ಬಾಟಲಿ, ಅಷ್ಟೇ. ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಅನ್ನ, ರೊಟ್ಟಿ ಚೂರು ಭಾರ, ಕೆಳಗೆ ಕೂರುತ್ತವೆ. ನಡುವಿನ ನೀರನ್ನು ಮಾತ್ರ ಹೊರಗೆ ಬಿಡಬೇಕು. ಯಾವ ಯಂತ್ರವೂ ಬೇಡ, ನೀರು ಒಂದಷ್ಟು ಹೊತ್ತು ಸುಮ್ನೆ ನಿಲ್ಲಬೇಕು, ತಣ್ಣಗಾಗಬೇಕು. ಎರಡನೇ ಬಾಟಲಿ ಹೇಳಿದ್ದು ಇನ್ನೊಂದು ವಿಷಯ. ಸಾಬೂನು ಎಣ್ಣೆಯನ್ನು ಸಣ್ಣ ಸಣ್ಣ ಕಣ ಮಾಡಿ ನೀರಿನಲ್ಲೇ ಹಿಡಿದುಕೊಳ್ಳುತ್ತದೆ. ಅದು ಯಾವ ಟ್ರ್ಯಾಪಿಗೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಪೌಡರ್ ಮುಟ್ಟಿಸುವ ಮೊದಲೇ ಎಷ್ಟು ಎಣ್ಣೆ ತೆಗೆಯುತ್ತೀರಿ ಅನ್ನುವುದು ಮುಖ್ಯ.

ಇನ್ನು ನಮ್ಮ ಡಬ್ಬಿಯ ಲೆಕ್ಕ. ಕಾಕಾ ಬಿಲ್ ಬುಕ್ಕಿನ ಹಿಂದೆ ಬರೆದರು. ನಮ್ಮ ಪಾತ್ರೆ ತೊಳೆಯುವ ಸಿಂಕು ಎರಡು ತೊಟ್ಟಿಯದು. ಒಂದೊಂದೂ 60 ಸೆಂ.ಮೀ. ಉದ್ದ, 50 ಅಗಲ, 35 ಆಳ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 105 ಲೀಟರ್. ಪಾತ್ರೆ ಮುಳುಗಿಸಿದಾಗ ಕಾಲು ಭಾಗ ಪಾತ್ರೆಯೇ ಇರುತ್ತದೆ ಅಂತ ಹಿಡಿದು, ಮುಕ್ಕಾಲು ತೆಗೆದುಕೊಳ್ಳುವುದು ರೂಢಿ. ಅಂದರೆ ಸುಮಾರು 79 ಲೀಟರ್. ತೊಟ್ಟಿಗೆ ಅಷ್ಟು ನೀರು ತುಂಬಿ, ಬೂಚು ಕಿತ್ತು, ಮೊಬೈಲಿನಲ್ಲಿ ಟೈಮ್ ಹಿಡಿದೆವು. 52 ಸೆಕೆಂಡಿಗೆ ಖಾಲಿ. ಅಂದರೆ ನಿಮಿಷಕ್ಕೆ 90 ಲೀಟರ್ ಓಟ. ಮೂವತ್ತು ಲೀಟರಿನ ಡಬ್ಬಿಯಲ್ಲಿ ಆ ನೀರು ನಿಲ್ಲುವುದು 20 ಸೆಕೆಂಡು. ಎರಡೂ ತೊಟ್ಟಿಯ ಬೂಚು ಒಟ್ಟಿಗೆ ಕಿತ್ತರೆ 10 ಸೆಕೆಂಡು. ಮಾವಶಿ ಯಾವಾಗಲೂ ಎರಡನ್ನೂ ಒಟ್ಟಿಗೇ ಕೀಳುತ್ತಿದ್ದರು, ಬೇಗ ಆಗಲಿ ಅಂತ.

ಹತ್ತು ಸೆಕೆಂಡಿಗೆ ನಮ್ಮ ಬಾಟಲಿಯಲ್ಲಿ ಏನೂ ಆಗಿರಲಿಲ್ಲ. ಅದೂ ಅಲ್ಲದೆ ಅಷ್ಟು ಜೋರಾಗಿ ನುಗ್ಗಿದ ನೀರು ಡಬ್ಬಿಯಲ್ಲಿ ಮೊದಲೇ ತೇಲಿ ಕೂತಿದ್ದ ಜಿಡ್ಡನ್ನೂ ಕಲಕಿ ಹೊರಗೆ ಎಳೆದುಕೊಂಡು ಹೋಗುತ್ತಿತ್ತು. ಮೊದಲ ಇಪ್ಪತ್ತು ದಿನ ಕಟ್ಟದಿದ್ದದ್ದಕ್ಕೆ ಕಾರಣ ಡಬ್ಬಿ ಅಲ್ಲ, ಅದನ್ನು ಕೂರಿಸುವಾಗ ಪ್ಲಂಬರ್ ಪೈಪು ಚೊಕ್ಕ ಮಾಡಿದ್ದು. ಇದು ತಿಳಿದಾಗ ನಗು ಬಂತು. ಡಬ್ಬಿಗೆ ಕೊಟ್ಟ ದುಡ್ಡು ನೆನಪಾಗಿ ನಗು ನಿಂತಿತು.

ಆ ಮೇಲೆ ಪೈಪಿನ ಸರದಿ. ಮೋರಿ ಎಲ್ಲೆಲ್ಲೋ ಕಟ್ಟುತ್ತಿರಲಿಲ್ಲ. ಪ್ರತಿ ಸಲವೂ ಸಿಂಕಿನಿಂದ ನಾಲ್ಕೈದು ಮೀಟರ್ ದೂರದಲ್ಲೇ. ಪ್ಲಂಬರಿಗೆ ಕೇಬಲ್ ಎಷ್ಟು ಒಳಗೆ ಹೋದ ಮೇಲೆ ಬಿಗಿಯುತ್ತದೆ ಅನ್ನುವುದು ಗೊತ್ತಿತ್ತು, ಆದರೆ ಯಾಕೆ ಅಂತ ಯಾರೂ ಕೇಳಿರಲಿಲ್ಲ. ಗೌಂಡಿ ಬಂದು ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ನೋಡಿದ. ಸಿಂಕಿನಿಂದ ಹಿಂದಿನ ಚೇಂಬರಿನವರೆಗೆ 7 ಮೀಟರ್. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದರ ಇಳಿಜಾರು ಕೊಟ್ಟರೆ ಈ ಉದ್ದಕ್ಕೆ ಹದಿನೇಳೂವರೆ ಸೆಂ.ಮೀ. ಇಳಿಯಬೇಕು. ನಮ್ಮದು ಇಳಿದದ್ದು 6 ಸೆಂ.ಮೀ. ನೆಲ ಅಗೆದಾಗ ನಡುವೆ ಪೈಪು ಜೋಲು ಬಿದ್ದಿತ್ತು, ಹೊಟ್ಟೆ ಇಳಿದ ತೊಟ್ಟಿಲಿನ ಹಾಗೆ. ನಮ್ಮ ಕಡೆಯ ಎರೆಮಣ್ಣು ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕೆಳಗೆ ಗಟ್ಟಿ ಹಾಸು ಹಾಕದೆ ಮಣ್ಣಿನ ಮೇಲೇ ಪೈಪು ಇಟ್ಟಿದ್ದರು. ಜೋಲು ಬಿದ್ದ ಜಾಗದಲ್ಲಿ ನೀರು ಯಾವಾಗಲೂ ನಿಂತಿರುತ್ತದೆ, ತಣ್ಣಗಾಗುತ್ತದೆ, ಜಿಡ್ಡು ಅಲ್ಲೇ ಕೂರುತ್ತದೆ. ನಾವು ಕೇಳದೇ ಸಿಕ್ಕ ಗ್ರೀಸ್ ಟ್ರ್ಯಾಪ್ ಅದು, ಮುಚ್ಚಳ ಒಂದಿರಲಿಲ್ಲ.

ಚಳಿಗಾಲದಲ್ಲೇ ಜಾಸ್ತಿ ಕಟ್ಟುತ್ತದೆ ಅನ್ನುವುದನ್ನು ಗಮನಿಸಿದವರು ಮಾವನವರು. ಭಜಿ ಕರಿಯಲು ಪಾಮ್ ಎಣ್ಣೆ, ಒಮ್ಮೊಮ್ಮೆ ಡಾಲ್ಡಾ. ಡಿಸೆಂಬರ್ ಬೆಳಿಗ್ಗೆ ಡಬ್ಬಿಯಲ್ಲಿನ ಪಾಮ್ ಎಣ್ಣೆ ಹರಳು ಹರಳಾಗಿ ಬೆಳ್ಳಗೆ ನಿಂತಿರುತ್ತದೆ. ಶೇಂಗಾ ಎಣ್ಣೆ ನಮ್ಮ ಚಳಿಗೆ ಹಾಗೆ ಆಗುವುದಿಲ್ಲ. "ಡಬ್ಬ್ಯಾಗ ಗಟ್ಟಿ ಆದ ಎಣ್ಣಿ ಪೈಪಿನ್ಯಾಗ ನೀರಾಗಿ ಇರ್ತೈತೇನು?" ಅಂದರು. ಅಷ್ಟೇ ಮಾತು. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ನೆಲದಲ್ಲಿ ಗುಂಡಿ ಮಾಡಿ ಕಟ್ಟಿಸುವ ಹೊಸ ಟ್ರ್ಯಾಪ್ ಎಷ್ಟು ದೊಡ್ಡದು ಇರಬೇಕು? ಇಲ್ಲಿ ಸೀಟು ಎಣಿಸಬೇಡಿ. ನೂರು ಸೀಟಿನ ಚಹಾದಂಗಡಿಗೂ ಮೂವತ್ತು ಸೀಟಿನ ಸಾವಜಿ ಖಾನಾವಳಿಗೂ ಮೋರಿಯಲ್ಲಿ ಅಜಗಜಾಂತರ. ನೀರು ಅಳೆಯಬೇಕು. ನಮ್ಮ ಅಡುಗೆಮನೆಗೆ ಮಾಳಿಗೆ ಮೇಲೆ ಬೇರೆಯೇ ಟ್ಯಾಂಕ್ ಇದೆ, ಅದು ನಮ್ಮ ಅದೃಷ್ಟ. ಜನ ಜಾಸ್ತಿ ಇರುವುದು ಮಧ್ಯಾಹ್ನ ಒಂದರಿಂದ ಮೂರು. ಪಂಪ್ ಬಂದ್ ಮಾಡಿ, ಒಂದು ಗಂಟೆಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿದೆವು, ಮೂರಕ್ಕೆ ಮತ್ತೆ ಹಾಕಿದೆವು. ನಾಲ್ಕು ದಿನ ಹೀಗೆ ಮಾಡಿ ದೊಡ್ಡ ಸಂಖ್ಯೆ ಹಿಡಿದೆವು. ಎರಡು ತಾಸಿಗೆ 1800 ಲೀಟರ್. ಅಂದರೆ ನಿಮಿಷಕ್ಕೆ 15 ಲೀಟರ್.

ಇಂಥ ದೊಡ್ಡ ಗುಂಡಿಯಲ್ಲಿ ನೀರು ಅರ್ಧ ತಾಸು ನಿಲ್ಲಲಿ ಅಂತ ಹಿಡಿಯುತ್ತಾರೆ. 15 ಲೀಟರ್, 30 ನಿಮಿಷ, 450 ಲೀಟರ್. ಆದರೆ ಗುಂಡಿ ಯಾವಾಗಲೂ ಖಾಲಿ ಇರುವುದಿಲ್ಲ. ಮೇಲೆ ಜಿಡ್ಡು, ಕೆಳಗೆ ರಾಡಿ ಸೇರಿ ಕಾಲು ಭಾಗ ನುಂಗುವವರೆಗೆ ಬಿಡುತ್ತೇವೆ. ಆಗಲೂ 450 ಲೀಟರ್ ಜಾಗ ಉಳಿಯಬೇಕು ಅಂದರೆ ಒಟ್ಟು 600 ಬೇಕು. ಒಳಅಳತೆ ಹೀಗೆ ಮಾಡಿದೆವು: ಉದ್ದ 120 ಸೆಂ.ಮೀ., ಅಗಲ 60, ನೀರಿನ ಆಳ 85. ಗುಣಿಸಿದರೆ 612 ಲೀಟರ್. ನೀರಿನ ಮೇಲೆ ಇನ್ನೂ 25 ಸೆಂ.ಮೀ. ಖಾಲಿ ಜಾಗ.

ಎರಡೂ ತೊಟ್ಟಿ ಒಟ್ಟಿಗೆ ಬಿಟ್ಟರೆ ಆ ಒಂದು ನಿಮಿಷ 180 ಲೀಟರಿನ ಓಟ ಬರುತ್ತದಲ್ಲ, ಅದಕ್ಕೇನು ಅಂತ ನಾನು ಕೇಳಿದೆ. ಕಾಕಾಗೆ ಖುಷಿಯಾಯಿತು, ಶಾಲೆಯ ಮಾಸ್ತರರ ಹಾಗೆ. ಅಷ್ಟು ದೊಡ್ಡ ಗುಂಡಿ ಒಂದು ನಿಮಿಷದ ನೂಕನ್ನು ತಡೆಯುತ್ತದೆ, ಆದರೂ ಸಿಂಕಿನ ಬಾಯಿ ಕಿರಿದು ಮಾಡು ಅಂದರು. ಸಿಂಕಿನ ಕೆಳಗೆ ಪೈಪಿನಲ್ಲಿ ಸಣ್ಣ ತೂತಿನ ಬಿಲ್ಲೆ ಕೂರಿಸಿದೆವು. ಈಗ ತೊಟ್ಟಿ ಖಾಲಿಯಾಗಲು ಎರಡು ನಿಮಿಷ ಬೇಕು. ಮಾವಶಿ ಎರಡು ದಿನ ಗೊಣಗಿದರು, ಆಮೇಲೆ ಒಂದು ತೊಟ್ಟಿ ಖಾಲಿಯಾಗುವಷ್ಟರಲ್ಲಿ ಇನ್ನೊಂದರಲ್ಲಿ ತಿಕ್ಕುವುದನ್ನು ರೂಢಿ ಮಾಡಿಕೊಂಡರು.

ಕಟ್ಟುವಾಗ ಗೌಂಡಿಯ ತಲೆಯ ಮೇಲೇ ನಿಂತೆ. ಇಟ್ಟಿಗೆ ಗುಂಡಿ, ಒಳಗೆ ಗಿಲಾಯಿ, ಅದರ ಮೇಲೆ ಟೈಲ್ಸ್. ಬರೀ ಸಿಮೆಂಟ್ ಬಿಟ್ಟರೆ ಹುಳಿ ನೀರು ಅದನ್ನು ತಿನ್ನುತ್ತದೆ. ನಡುವೆ ಅಡ್ಡಗೋಡೆ ಹಾಕಿ ಎರಡು ಕೋಣೆ. ಮೊದಲನೆಯದು 80 ಸೆಂ.ಮೀ., ಎರಡನೆಯದು 40. ಅಡ್ಡಗೋಡೆಯಲ್ಲಿ ದಾರಿ ಇರುವುದು ನೀರಿನ ನಡು ಆಳದಲ್ಲಿ, ಮೇಲೂ ಅಲ್ಲ, ತಳದಲ್ಲೂ ಅಲ್ಲ. ಹೊರಗೆ ಹೋಗುವ ಪೈಪಿಗೆ ಮೇಲೂ ಕೆಳಗೂ ಬಾಯಿರುವ ಟಿ ಆಕಾರದ ಜೋಡಣೆ ಹಾಕಿ, ಅದರ ಕೆಳಗಿನ ಕಾಲನ್ನು ತಳದಿಂದ 25 ಸೆಂ.ಮೀ. ಮೇಲಿರುವ ಹಾಗೆ ಇಳಿಬಿಡಬೇಕು. ಇದೇ ಇಡೀ ಗುಂಡಿಯ ಜೀವ. ಗೌಂಡಿ ಅದನ್ನು ಮರೆತು ನೇರ ಪೈಪು ಕೊಟ್ಟಿದ್ದ. "ನೀರು ಹೋಗ್ತೈತಲ್ರಿ ಅಕ್ಕಾರ" ಅಂದ. ಹೋಗುತ್ತದೆ, ಮೇಲೆ ತೇಲಿದ ಜಿಡ್ಡನ್ನೇ ಮೊದಲು ತೆಗೆದುಕೊಂಡು ಹೋಗುತ್ತದೆ. ಒಡೆಸಿ ಹಾಕಿಸಿದೆ. ಟಿಯ ಮೇಲಿನ ಬಾಯಿ ತೆರೆದಿರಬೇಕು. ಕೋಲು ತೂರಿಸಲು ಬೇಕು, ಗಾಳಿ ಆಡಲೂ ಬೇಕು. ಗಾಳಿ ಇಲ್ಲದಿದ್ದರೆ ಜೋರಾಗಿ ಹೋಗುವ ನೀರು ಹಿಂದಿನ ನೀರನ್ನೂ ಹೀರಿಕೊಂಡು ಗುಂಡಿಯ ಮಟ್ಟ ಇಳಿಸಿಬಿಡಬಹುದು.

ಮುಚ್ಚಳದ ವಿಷಯಕ್ಕೆ ಎರಡು ಸಲ ಜಗಳ ಆಯಿತು. ಗೌಂಡಿ ಮೊದಲು ಕಡಪಾ ಕಲ್ಲಿನ ಚಪ್ಪಡಿ ಹಾಕಿದ. ಎತ್ತಲು ಮೂರು ಜನ ಬೇಕು. ಮೂರು ಜನ ಬೇಕಾದ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ, ತೆಗೆಯದ ಗುಂಡಿ ತುಂಬಿ ಬರೀ ಪೈಪಾಗುತ್ತದೆ. ಈಗ ಎರಡು ಕೋಣೆಗೂ ಬೇರೆ ಬೇರೆ ಫೈಬರ್ ಮುಚ್ಚಳ, ಹಿಡಿಕೆ ಇದೆ, ಅಂಚಿಗೆ ರಬ್ಬರ್. ಒಬ್ಬರೇ ಎತ್ತಬಹುದು.

ಯಾವ ನೀರು ಗುಂಡಿಗೆ ಬರಬಾರದು ಅನ್ನುವುದನ್ನೂ ಅದೇ ವಾರ ಸರಿ ಮಾಡಿದೆವು. ಸಂಡಾಸಿನ ಲೈನ್ ಅಂತೂ ಯಾವತ್ತೂ ಸೇರಬಾರದು. ಗಿರಾಕಿಗಳು ಕೈ ತೊಳೆಯುವ ನೀರು, ಆರ್‌ಒ ಮಷಿನ್ ಹೊರಗೆ ಬಿಡುವ ನೀರು, ಇವೆರಡನ್ನೂ ಗುಂಡಿ ದಾಟಿದ ಮೇಲೆ ಸೇರಿಸಿದೆವು. ಆರ್‌ಒ ನೀರು ದಿನವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ, ಅದರಲ್ಲಿ ಎಣ್ಣೆ ಇಲ್ಲ, ಸುಮ್ನೆ ಜಾಗ ತಿನ್ನುತ್ತದೆ. ಇಡ್ಲಿ ಪಾತ್ರೆಯ ಕುದಿನೀರನ್ನು ಈಗ ಬಕೆಟ್ಟಿಗೆ ಹಾಕಿ ಆರಿಸಿ ಚೆಲ್ಲುತ್ತೇವೆ. ಕುದಿನೀರು ಬಿದ್ದರೆ ಗುಂಡಿಯಲ್ಲಿ ಗಟ್ಟಿ ಕೂತ ಜಿಡ್ಡು ಕರಗಿ ಪೈಪಿನ ದಾರಿ ಹಿಡಿಯುತ್ತದೆ. ಜಿಡ್ಡು ಕರಗಿಸುವ ಪುಡಿ, ದ್ರಾವಣ ಮಾರಲು ಬರುವವರಿಗೂ ಇದೇ ಕಾರಣಕ್ಕೆ ಬೇಡ ಅನ್ನುತ್ತೇನೆ. ಕರಗಿದ್ದು ಮಾಯ ಆಗುವುದಿಲ್ಲ, ಮುಂದೆ ಹೋಗಿ ಕೂರುತ್ತದೆ. ಹಿಂದಿನ ಮನೆಯವರ ಜಗಳ ಇನ್ನೂ ನೆನಪಿದೆ.

ಹಳೇ ಡಬ್ಬಿಯನ್ನು ಎಸೆಯಲಿಲ್ಲ. ಅಡ್ಡಗೋಡೆ ಕಿತ್ತು, ಜಾಳಿಗೆ ಮಾತ್ರ ಉಳಿಸಿ ಸಿಂಕಿನ ಕೆಳಗೇ ಬಿಟ್ಟೆವು. ಈಗ ಅದು ಅನ್ನ, ಕರಿಬೇವು, ಮೆಣಸಿನಕಾಯಿ ತೊಟ್ಟು ಹಿಡಿಯುತ್ತದೆ. ದಿನಕ್ಕೆ ಮೂರು ಸಲ ಜಾಳಿಗೆ ಕೊಡವಬೇಕು. ಹೊಸ ಪೈಪು ಮರಳಿನ ಹಾಸಿನ ಮೇಲೆ, ಸರಿಯಾದ ಇಳಿಜಾರಿನಲ್ಲಿ ಹೋಯಿತು.

ಕಟ್ಟಿದ್ದು ಅರ್ಧ ಕೆಲಸ. ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು ಅಂತ ಪ್ಲಂಬರನ್ನು ಕೇಳಿದರೆ ತಿಂಗಳು ಅಂದ, ಗೌಂಡಿ ವರ್ಷ ಅಂದ. ಗುಂಡಿಯನ್ನೇ ಕೇಳುವ ದಾರಿ ಒಂದಿದೆ. ಅಕ್ವೇರಿಯಂ ಅಂಗಡಿಯಿಂದ ಒಂದೂವರೆ ಮೀಟರ್ ಉದ್ದದ ಗಟ್ಟಿ ಪಾರದರ್ಶಕ ಪೈಪು ತಂದೆವು, ಹೆಬ್ಬೆರಳಿನಿಂದ ಬಾಯಿ ಮುಚ್ಚುವಷ್ಟು ದಪ್ಪದ್ದು. ಬೆಳಿಗ್ಗೆ ನೀರು ಬಿಡುವ ಮೊದಲು ಮೊದಲ ಕೋಣೆಯ ಮುಚ್ಚಳ ತೆಗೆದು, ಮೇಲಿನ ಕೆನೆಯನ್ನು ಕೋಲಿನಿಂದ ಸ್ವಲ್ಪ ಸೀಳಿ, ಆ ಜಾಗದಲ್ಲಿ ಪೈಪನ್ನು ನೆಟ್ಟಗೆ, ನಿಧಾನಕ್ಕೆ ತಳ ಮುಟ್ಟುವವರೆಗೆ ಇಳಿಸಬೇಕು. ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಎತ್ತಬೇಕು. ಗುಂಡಿಯೊಳಗೆ ಏನಿದೆಯೋ ಅದೇ ಪೈಪಿನಲ್ಲಿ ನಿಂತಿರುತ್ತದೆ. ಮೇಲೆ ಹಳದಿ ಬಿಳಿ ಜಿಡ್ಡು, ನಡುವೆ ಬೂದು ನೀರು, ತಳದಲ್ಲಿ ಕಪ್ಪು ರಾಡಿ. ಸೀಳಿದ ಜಾಗದಲ್ಲಿ ಕೆನೆ ಸ್ವಲ್ಪ ತೆಳು ಕಾಣುವುದರಿಂದ ಅದರ ಅಂಚಿಗೂ ಒಮ್ಮೆ ಸ್ಕೇಲ್ ಇಳಿಸಿ ನೋಡುತ್ತೇವೆ.

ಜಿಡ್ಡು, ರಾಡಿ ಎರಡೂ ಸೇರಿ ನೀರಿನ ಆಳದ ಕಾಲು ಭಾಗ ಆದರೆ ತೆಗೆಯಬೇಕು. ನಮಗೆ 85ರ ಕಾಲು ಭಾಗ 21 ಸೆಂ.ಮೀ. ಮೊದಲ ವಾರ ಮೇಲೆ 3, ಕೆಳಗೆ 2. ಎರಡನೇ ವಾರ 6 ಮತ್ತು 3. ಮೂರನೇ ವಾರ 10 ಮತ್ತು 4. ನಾಲ್ಕನೇ ವಾರ 14 ಮತ್ತು 6, ಒಟ್ಟು 20. ಹಾಗಾದರೆ ನಾಲ್ಕು ವಾರ ಅಂತ ನಾನಂದೆ. ಕಾಕಾ ಮೂರು ಅಂದರು. ಮದುವೆ ಸೀಜನ್ ಒಂದು ವಾರ ಬಂದರೂ ಲೆಕ್ಕ ಮೀರುತ್ತದೆ, ಮೀರಿದ್ದು ಗೊತ್ತಾಗುವಷ್ಟರಲ್ಲಿ ಜಿಡ್ಡು ಎರಡನೇ ಕೋಣೆಗೆ ದಾಟಿರುತ್ತದೆ. ಎರಡನೇ ಕೋಣೆಯಲ್ಲಿ ಒಂದು ಬೆರಳು ದಪ್ಪ ಕಂಡರೂ ತಡ ಆಯಿತು ಅಂತಲೇ ಅರ್ಥ.

ತೆಗೆಯುವ ಕೆಲಸ ಸೋಮವಾರ ನಸುಕಿನಲ್ಲಿ, ಐದಕ್ಕೆ. ರಾತ್ರಿಯೆಲ್ಲಾ ತಣ್ಣಗಿದ್ದು ಕೆನೆ ಗಟ್ಟಿಯಾಗಿರುತ್ತದೆ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ದೂರ ನಿಲ್ಲುತ್ತೇವೆ. ಕೊಳೆತ ತತ್ತಿಯ ವಾಸನೆ ಬರುತ್ತದೆ, ಆ ಗಾಳಿ ಒಳ್ಳೆಯದಲ್ಲ. ಬಗ್ಗಿ ಮುಖ ಒಳಗೆ ಹಾಕಬಾರದು. ನಮ್ಮ ಗುಂಡಿ ಸೊಂಟದ ಆಳದ್ದೇ ಆದರೂ ಯಾರನ್ನೂ ಇಳಿಸುವುದಿಲ್ಲ, ಎಲ್ಲಾ ಮೇಲಿನಿಂದಲೇ. ಹಿಂದೊಮ್ಮೆ ಹೊರಗಿನ ಚೇಂಬರ್ ಕಟ್ಟಿದಾಗ ಒಬ್ಬ ಹುಡುಗ "ಇಳಿದು ತಗೀತೀನ್ರಿ" ಅಂತ ಚಡ್ಡಿ ಕಟ್ಟಿ ನಿಂತಿದ್ದ. ಮಾವನವರು ಗದರಿಸಿ ಕಳಿಸಿದರು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಕಾಯ್ದೆ ಇಲ್ಲದಿದ್ದರೂ ಮಾವನವರು ಇಳಿಸುತ್ತಿರಲಿಲ್ಲ.

ಉದ್ದ ಹಿಡಿಕೆ ಕಟ್ಟಿದ ಹಳೇ ಝಾರಾದಿಂದ ಕೆನೆಯನ್ನು ಎತ್ತಿ ಎತ್ತಿ ಡ್ರಮ್ಮಿಗೆ ಹಾಕುತ್ತೇವೆ. ಭಜಿ ತೆಗೆಯುವ ಅದೇ ಕೈಚಳಕ. ಜರಡಿಯಂತೆ ನೀರು ಇಳಿದುಹೋಗುತ್ತದೆ, ಜಿಡ್ಡು ಉಳಿಯುತ್ತದೆ. ಡ್ರಮ್ಮಿನ ತಳಕ್ಕೆ ಮೊದಲೇ ಕಟ್ಟಿಗೆ ಹೊಟ್ಟು ಹಾಕಿರುತ್ತೇವೆ. ತಳದ ರಾಡಿಯನ್ನು ಸಕ್ಕಿಂಗ್ ಗಾಡಿಯವರು ಎಳೆದುಕೊಳ್ಳುತ್ತಾರೆ. ಮೇಲಿನ ಜಿಡ್ಡನ್ನು ಮಾತ್ರ ತೆಗೆದು ತಳ ಬಿಡುವ ಹಾಗಿಲ್ಲ. ರಾಡಿ ಹುಳಿತು ಗುಳ್ಳೆ ಎದ್ದು, ತನ್ನ ಜೊತೆ ಎಲ್ಲವನ್ನೂ ಮೇಲೆ ಎಬ್ಬಿಸುತ್ತದೆ. ಗೋಡೆ, ಟಿಯ ಒಳಗಿನ ಜಿಡ್ಡು ಕೆರೆದು, ಕೊನೆಗೆ ಗುಂಡಿ ತುಂಬ ಒಳ್ಳೆಯ ನೀರು ತುಂಬಿಸಬೇಕು. ಇದನ್ನು ಮೊದಲ ಸಲ ಬಿಟ್ಟಿದ್ದೆವು, ನೀರು ಯಾಕೆ ದಂಡ ಅಂತ. ಖಾಲಿ ಗುಂಡಿಗೆ ನಾಷ್ಟಾದ ಎಣ್ಣೆನೀರು ಬಂದು ತುಂಬಿತು. ಮಟ್ಟ ಟಿಯ ಕಾಲಿನ ಬಾಯಿ ದಾಟುವಾಗ ಮೇಲೆ ತೇಲುತ್ತಿದ್ದ ಎಣ್ಣೆ ಸೀದಾ ಆ ಬಾಯಿಯೊಳಗೇ ಹೊಕ್ಕಿತು. ಮೊದಲೇ ನೀರು ತುಂಬಿದ್ದರೆ ಬಾಯಿ ಕೆಳಗೆ ಮುಳುಗಿರುತ್ತದೆ, ಎಣ್ಣೆಗೆ ದಾರಿ ಸಿಗುವುದಿಲ್ಲ.

ಈ ಜಿಡ್ಡನ್ನು ಕೊಳ್ಳುತ್ತೇನೆ ಅಂತ ಒಬ್ಬ ಬಂದಿದ್ದ. ಕೊಡಲಿಲ್ಲ. ಬಾಣಲೆಯಲ್ಲಿ ಉಳಿದ ಕರಿದ ಎಣ್ಣೆ ಬೇರೆ, ಇದು ಬೇರೆ. ಬಾಣಲೆಯ ಎಣ್ಣೆಯನ್ನು ಮೋರಿಗೆ ಹಾಕದೆ ಡಬ್ಬಿಯಲ್ಲಿ ಕೂಡಿಟ್ಟು, ಬಯೋಡೀಸೆಲ್‌ಗೆ ಒಯ್ಯುವ ನೋಂದಾಯಿತ ಜನಕ್ಕೆ ಕೊಡುತ್ತೇವೆ. ಎಫ್‌ಎಸ್‌ಎಸ್‌ಎಐ 2018ರಲ್ಲೇ ಆ ವ್ಯವಸ್ಥೆ ಶುರು ಮಾಡಿದೆ. ಗುಂಡಿಯ ಜಿಡ್ಡು ಸುತ್ತು ಬಳಸಿ ಮತ್ತೆ ಯಾರದ್ದೋ ಬಾಣಲೆ ಸೇರಬಾರದು.

ಗುಂಡಿಗೆ ಬರುವ ಮೊದಲೇ ತಡೆದದ್ದರ ಗುಣ ನನಗೆ ಆಮೇಲೆ ತಿಳಿಯಿತು. ತಾಟು, ಪಾತ್ರೆಗಳನ್ನು ನೀರಿಗೆ ಇಳಿಸುವ ಮೊದಲು ರಬ್ಬರಿನ ಪಟ್ಟಿಯಿಂದ ಬಳಿದು, ಹಳೇ ಪೇಪರಿನಿಂದ ಒರೆಸುವುದು ಶುರು ಮಾಡಿದೆವು. ಮೊದಲ ದಿನ ಆ ಬಕೆಟ್ ತೂಗಿದೆ, ಮೂರೂವರೆ ಕಿಲೋ. ಅದರಲ್ಲಿ ಪೇಪರಿನ ಭಾರವೂ ಇದೆ, ಆದರೂ ಅಷ್ಟು ದಿನವೂ ಪೈಪಿಗೆ ಹೋಗುತ್ತಿತ್ತಲ್ಲ! ಒರೆಸಲು ಶುರು ಮಾಡಿದ ಮೇಲೆ ಮೂರು ವಾರದ ಅಳತೆ 14ರಿಂದ 9ಕ್ಕೆ ಇಳಿಯಿತು. ಪೌಡರ್ ಕೂಡ ಕಡಿಮೆ ಸಾಕಾಗುತ್ತಿದೆ.

ಹೊಸ ಗುಂಡಿಗೆ ಈಗ ಒಂದು ವರ್ಷ ಎರಡು ತಿಂಗಳು. ಕೇಬಲ್ ಹಿಡಿದ ಪ್ಲಂಬರ್ ಒಮ್ಮೆಯೂ ಬಂದಿಲ್ಲ, ಊಟಕ್ಕೆ ಬರುತ್ತಾನೆ. ಪಾರದರ್ಶಕ ಪೈಪು ಈಗ ಮಾವಶಿಯ ವಶದಲ್ಲಿದೆ, ನನಗೂ ಕೊಡುವುದಿಲ್ಲ. ಪ್ರತಿ ಸೋಮವಾರ ಅವರು ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಅಂಕಿ ಬರೆಯುತ್ತಾರೆ. ಹೋದ ವಾರ 9, 5 ಅಂತ ಬರೆದು, "ಅಕ್ಕಾರ, ಚಳಿ ಬಂತು, ಈ ಸಲ ಒಂದ್ ವಾರ ಮೊದಲ ಗಾಡಿಗೆ ಹೇಳ್ರಿ" ಅಂದರು. ಹೇಳಿದ್ದೇನೆ.